ಜೇಪಿ ಮೇಷ್ಟ್ರಿಗೆ ಅಫ್ಸರ್ ಪಾಷಾ ಕೊಟ್ಟ ತಪ್ಪಲೆ

ಮದ್ದೂರು ಪೇಟೆಯ ಅಫ್ಸರ್ ಪಾಷಾ ಕಲಾಯಿ ಹಾಕಿದ ಪಾತ್ರೆಯೊಳಗೆ ಮುಖ ನೋಡಿಕೊಂಡು ಮೀಸೆ ತಿದ್ದಬಹುದು. ಒಮ್ಮೆ ಅವನು ಹೊಳಪಿಟ್ಟ ಕೊಳಗವನ್ನು ಅಂಗಡಿ ಮುಂದೆ ಬಿಸಿಲಿಗಿಟ್ಟಿದ್ದಾಗ, ಎದುರಿಂದ ಲಾರಿಯ ಲೈಟು ಬಂತೆಂದು ಬಸ್ಸಿನ ಡ್ರೈವರು ಬ್ರೇಕು ಒತ್ತಿದ. ಸುಳ್ಳೆನ್ನುವವರು ಆ ಬಸ್ಸಿನಲ್ಲಿದ್ದ ನನ್ನ ಹಣೆಯ ಗಾಯವನ್ನು ಬಂದು ನೋಡಬಹುದು.

ಸ್ಟೀಲು ಬಂದ ಮೇಲೆ ಹಿತ್ತಾಳೆ ಪಾತ್ರೆಗಳು ಅಟ್ಟ ಸೇರಿದವು. ಪಾಷಾ ಗ್ಯಾಸ್ ಒಲೆ, ಕುಕ್ಕರು ರಿಪೇರಿಗೆ ಇಳಿದ. ಏನನ್ನೂ ಎಸೆಯುವ ಅಭ್ಯಾಸ ಅವನಿಗಿಲ್ಲ. ಅವನ ಸೈಕಲ್ಲಿನಲ್ಲಿ ಮೊದಲಿನದೆಂದು ಉಳಿದಿರುವುದು ಬೆಲ್ಲಿನ ಶಬ್ದ ಒಂದೇ. ಇಂಥವನಿಗೆ ಅರವತ್ತರ ಹೊಸ್ತಿಲಲ್ಲಿ, ಪರಿಸರಕ್ಕೆ ಹಾನಿಯಿಲ್ಲದ ಉಡುಗೊರೆ ಎಲ್ಲಿ ಸಿಗುತ್ತದೆಂಬ ಚಿಂತೆ ಹತ್ತಿತು.

ಹತ್ತಿಸಿದವನು ಚಿಕ್ಕರಸಿನಕೆರೆಯ ಜಯಪ್ರಕಾಶ್, ಊರವರ ಬಾಯಲ್ಲಿ ಜೇಪಿ ಮೇಷ್ಟ್ರು. ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಅವನೂ ಪಾಷಾನೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದ ಏಟು ಹಂಚಿಕೊಂಡವರು. ಮೇಷ್ಟ್ರಿಗೆ ಪ್ಲಾಸ್ಟಿಕ್ ಕಂಡರೆ ಹಾವು ತುಳಿದಂತೆ. ಅಂಗಡಿಯವನು ಮರೆತು ಕವರು ಕೊಟ್ಟರೆ ಅದನ್ನು ಹಿಂದಿರುಗಿಸಲು ಮಳವಳ್ಳಿಯಿಂದ ಮಂಡ್ಯದವರೆಗೂ ನಡೆದಾನು. ಬಸ್ಸು ಹತ್ತಿದರೆ ಹೊಗೆ ಆಗುತ್ತದಲ್ಲ!

ಎರಡು ವರ್ಷದ ಹಿಂದೆ ಮೇಷ್ಟ್ರ ಗೃಹಪ್ರವೇಶಕ್ಕೆ ಪಾಷಾ ಗೋಡೆ ಗಡಿಯಾರ ಒಯ್ದಿದ್ದ. ಮೇಷ್ಟ್ರು ನೂರು ಜನರೆದುರು ಮಿನುಗು ಕಾಗದ, ಗುಳ್ಳೆ ಕವರು, ಥರ್ಮಾಕೋಲು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ಪಾಠ ಮಾಡಿದ. ಕೊನೆಗೆ ಕಸವನ್ನೂ ಗಡಿಯಾರವನ್ನೂ ಪಾಷಾನ ಕೈಗೇ ಇಟ್ಟ. ಆ ಗಡಿಯಾರ ಪಾಷಾನ ಮನೆಯಲ್ಲಿ ಈಗಲೂ ನಡೆಯುತ್ತದೆ. ನೋಡಿದಾಗಲೆಲ್ಲ ಅವನ ಕಿವಿ ಕೆಂಪಾಗುತ್ತದೆ.

ಈಗ ಮೇಷ್ಟ್ರ ನಿವೃತ್ತಿ. ಊರಿನ ಸಮುದಾಯ ಭವನದಲ್ಲಿ ಸನ್ಮಾನ. ಬರಿಗೈಲಿ ಹೋದರೆ ಗೆಳೆಯನಲ್ಲ, ತಂದದ್ದು ವಾಪಸ್ಸಾದರೆ ಎರಡನೇ ಸಲದ ಮಾನಭಂಗ.

ಪಾಷಾ ಮಂಡ್ಯಕ್ಕೆ ಹೋದ. ಅಲ್ಲಿನ ಗಿಫ್ಟ್ ಅಂಗಡಿಯವನು ಹಸಿರು ಎಲೆಯ ಚಿತ್ರವಿದ್ದ ಊಟದ ಡಬ್ಬಿ ತೋರಿಸಿ, "ಗೋಧಿ ಹುಲ್ಲಿಂದು ಸಾರ್. ಮಣ್ಣಿಗಾಕಿದ್ರೆ ಗೊಬ್ರ" ಎಂದ. ಡಬ್ಬಿಗೆ ರಟ್ಟು, ರಟ್ಟಿಗೆ ಕವರು, ಕವರಿಗೆ ರಿಬ್ಬನ್ನು. ನಮ್ಮ ಕಡೆ ಮದುಮಗಳಿಗೂ ಅಷ್ಟು ಉಡಿಸುವುದಿಲ್ಲ.

ಮನೆಯಲ್ಲಿ ಮಗಳು ಜಾಕಿಯಾ, ಬಿ.ಎಸ್ಸಿ. ಓದಿದವಳು, ಡಬ್ಬಿಯನ್ನು ಮಗುಚಿದಳು.

"ಅಬ್ಬಾಜಾನ್, ತಳ ನೋಡಿ. ತ್ರಿಕೋನದೊಳಗೆ ಐದರ ಅಂಕಿ. ಅಂದ್ರೆ ಪ್ಲಾಸ್ಟಿಕ್ಕು ಇದು. ಒಂದಿಷ್ಟು ಹುಲ್ಲಿನ ಪುಡಿ ಕಲಸವ್ರೆ."

"ಮಣ್ಣಲ್ಲಿ ಕರಗ್ತದೆ ಅಂದ್ನಲ್ಲಮ್ಮ?"

"ಹುಲ್ಲು ಕರಗಬೋದು. ಮಿಕ್ಕಿದ್ದು ಚೂರುಚೂರಾಗಿ ಅಲ್ಲೇ ಇರ್ತದೆ."

ಮಂಡ್ಯದವನು ವಾಪಸ್ ತೆಗೆದುಕೊಳ್ಳಲಿಲ್ಲ. ಸನ್ಮಾನಕ್ಕೆ ಎರಡೇ ದಿನ ಉಳಿದಿತ್ತು. ಪಾಷಾ ಡಬ್ಬಿಯನ್ನು ಗುಜರಿ ಶಿವರಾಜುವಿನ ಹತ್ತಿರ ಒಯ್ದ. ತುಕ್ಕು ಹಿಡಿದ ಮೊಳೆಯನ್ನೂ ಮರ್ಯಾದೆಯಿಂದ ಒಳಗೆ ಕರೆಯುವ ಶಿವರಾಜು ಡಬ್ಬಿಯನ್ನು ಕಂಡು ಮುಖ ತಿರುಗಿಸಿದ.

"ಬ್ಯಾಡ ಕಣ್ ಪಾಷಾ. ಬರೀ ಪ್ಲಾಸ್ಟಿಕ್ಕಾಗಿದ್ರೆ ಕರಗಿಸ್ತಾರೆ, ತಗತಿದ್ದೆ. ಈ ಬೆರಕೆ ಮಾಲ್ನ ಯಾರೂ ಮುಟ್ಟಾಕಿಲ್ಲ."

ಭೂಮಿ ಉಳಿಸಲು ಹುಟ್ಟಿದ ಡಬ್ಬಿಯನ್ನು ಗುಜರಿಯವನೂ ಬೇಡವೆಂದ. ಪಾಷಾ ತಲೆ ತಗ್ಗಿಸಿ ತಿರುಗಿದಾಗ ಕಾಲಿಗೆ ಒಂದು ತಪ್ಪಲೆ ತಗುಲಿತು. ಕಾಗೆಯೂ ನಾಚುವಷ್ಟು ಕಪ್ಪು. ಉಗುರಿನಿಂದ ಗೀರಿದ. ಹಳದಿ ಮಿಂಚಿತು. ಗೆಣ್ಣಿನಿಂದ ಬಡಿದ. ಗಟ್ಟಿ ಹಿತ್ತಾಳೆ, ಬಿರುಕಿಲ್ಲ.

"ಸಿವರಾಜು, ಇದು ನಂಗೆ."

"ಕರಗ್ಸೋಕೆ ಓಯ್ತಿತ್ತು. ತಗಂಡೋಗು, ನಮ್ಮನೆ ಒಲೆ ರಿಪೇರಿ ಮಾಡ್ಕೊಡು, ಸಾಕು."

ಮಾರನೆಯ ದಿನ ಪಾಷಾ ಹುಣಸೆಹಣ್ಣು, ಮರಳು ಹಾಕಿ ಉಜ್ಜಲು ಕೂತ. ಕಪ್ಪು ಬಿಟ್ಟ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಎದ್ದವು: ಚಿಕ್ಕಬೋರಮ್ಮ, ಚಿಕ್ಕರಸಿನಕೆರೆ.

ಪಾಷಾನ ಕೈ ನಿಂತಿತು. ಚಿಕ್ಕಬೋರಮ್ಮ ಎಂದರೆ ಜೇಪಿ ಮೇಷ್ಟ್ರ ಹೆತ್ತತಾಯಿ. ಈ ತಪ್ಪಲೆಯ ಸಾರನ್ನು ಪಾಷಾನೇ ಎಷ್ಟು ಸಲ ಉಂಡಿಲ್ಲ! ಪರಿಸರದ ಮೇಷ್ಟ್ರ ಮನೆಯಿಂದಲೇ ತಾಯಿಯ ತಪ್ಪಲೆ ಗುಜರಿ ಸೇರಿತ್ತು.

ಹೆಂಡತಿ ಹಬೀಬುನ್ನೀಸಾ ಉಪಾಯ ಹೇಳಿದಳು. "ಅರ ತಗಂಡು ಎರಡು ಸಲ ಉಜ್ಜಿ. ಹೆಸರು ಹೋಯ್ತದೆ, ಮೇಷ್ಟ್ರ ಮಾನ ಉಳೀತದೆ."

ಪಾಷಾ ಅರವನ್ನು ತೆಗೆದ. ಹೆಸರಿನ ಹತ್ತಿರ ತಂದ. "ಉಣ್ಣಾಕಿಕ್ಕಿದೋಳ ಹೆಸರು ಕಣೇ" ಎಂದು ಕೆಳಗಿಟ್ಟ. ಇದ್ದಲಿನ ಮೇಲೆ ತಪ್ಪಲೆ ಕಾಯಿಸಿ ನವಸಾಗರದ ಪುಡಿ ಎರಚಿದ. ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಳಗೆಲ್ಲ ಬಳಿದ. ಹೆಸರನ್ನು ತನ್ನ ಹೊಟ್ಟೆಯ ಕಡೆಗೆ ತಿರುಗಿಸಿ ಕೊಟ್ಟರಾಯಿತೆಂದು ತೀರ್ಮಾನಿಸಿದ. ತನ್ನ ಹೊಟ್ಟೆಯ ಕಡೆಗಿದ್ದದ್ದು, ಮೇಷ್ಟ್ರು ತಪ್ಪಲೆ ಹಿಡಿದು ಸಭೆಗೆ ತಿರುಗಿದರೆ ಸಭೆಯ ಕಡೆಗೇ ಆಗುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಸನ್ಮಾನದ ದಿನ ಮೇಷ್ಟ್ರು ಎಂದಿನಂತೆ ತಪಾಸಣೆಗೆ ನಿಂತಿದ್ದ. ಬಿದಿರಿನ ಬಾಟಲಿ ತಂದವರಿಗೆ ಒಳಗಿನ ಪ್ಲಾಸ್ಟಿಕ್ ಮುಚ್ಚಳ ತೋರಿಸಿ ವಾಪಸ್. ಬಟ್ಟೆ ಚೀಲ ತಂದವರಿಗೆ, "ಇಂಥವು ಮನೇಲಿ ನಲವತ್ತೈತೆ" ಎಂದು ವಾಪಸ್. ಪಾಷಾ ಬಂದ. ಕಾಗದವಿಲ್ಲ, ಕವರಿಲ್ಲ, ದಾರವೂ ಇಲ್ಲ. ಹೆಸರನ್ನು ತನ್ನ ಕಡೆ ತಿರುಗಿಸಿ, "ಗುಜರೀಲಿ ಸಿಕ್ತು ಕಣ್ಲಾ" ಎಂದು ಕೊಟ್ಟ. ತಪ್ಪಲೆ ಹೊಳೆದ ಹೊಳಪಿಗೆ ಫೋಟೋದವನು ಫ್ಲಾಶ್ ಆರಿಸಿದ.

ಮೇಷ್ಟ್ರ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿ ಜೇಬಿಗಿಟ್ಟ. ತಪ್ಪಲೆಯನ್ನು ತಲೆಯ ಮೇಲಕ್ಕೆತ್ತಿ ಸಭೆಗೆ ತೋರಿಸಿ, ಮೈಕಿಗೆ ಬಾಯಿಟ್ಟ.

"ನೋಡಿ! ಇದು ಉಡುಗೊರೆ! ಹಳೇದು, ಗುಜರಿಯಿಂದ ಉಳಿಸಿದ್ದು. ಇನ್ನೂ ನೂರು ವರ್ಷ ಬಾಳುತ್ತೆ. ಇಂಥದ್ದನ್ನ ಎಸೆದ ಪುಣ್ಯಾತ್ಮನ ತಲೆಯಲ್ಲಿ ಮಿದುಳಿದೆಯೋ ಸಗಣಿಯಿದೆಯೋ, ನೀವೇ ಹೇಳಿ!"

ಸಭೆ ಚಪ್ಪಾಳೆ ತಟ್ಟಿತು. ಪಾಷಾ ಅಂಗಿ ಹಿಡಿದೆಳೆದು ಪಿಸುಗುಟ್ಟಿದ: "ಸಾಕು ಬುಡ್ಲಾ ಜೇಪಿ, ಇಳ್ಸು."

"ಯಾಕ್ಲಾ ಇಳ್ಸಲಿ? ಜನ ನೋಡ್ಲಿ!"

ಜನ ನೋಡಿದರು. ಮುಂದಿನ ಸಾಲಿನಲ್ಲಿ ಎಂಬತ್ತೈದರ ಚಿಕ್ಕಬೋರಮ್ಮನೂ ನೋಡಿದರು. ಅವರಿಗೆ ಓದು ಬರದು. ಆದರೆ ಕಂಠದ ಮೇಲಿನ ಆ ಚುಕ್ಕಿಗಳನ್ನು ಅರವತ್ತು ವರ್ಷ ಬೆರಳಿನಿಂದ ತೊಳೆದವರು.

"ಲೇ ಮಗ! ಅದು ನನ್ ತಪ್ಪಲೆ ಕಣ್ಲಾ! ಮದ್ವೆ ಮನೆಗೆ ಕೊಟ್ಟಿದ್ದು ಕಳ್ದೋಯ್ತು ಅಂದಿದ್ದೆ?"

ಮೇಷ್ಟ್ರ ಹೆಂಡತಿ ಅಮೃತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ಮಾತು ಹೊರಗೆ ಬಿತ್ತು. "ಕಳ್ದಿಲ್ಲ ಅತ್ತೆ. ಕಲಾಯಿ ಹೋಗೈತೆ, ಕಿಲುಬು, ವಿಷ ಅಂತ ಪಾತ್ರೆ ಅಂಗ್ಡೀಲಿ ಎಕ್ಸ್‌ಚೇಂಜಿಗೆ ಕೊಟ್ರು. ಎಲೆ ಚಿತ್ರದ್ದು ಹಸುರು ಬಾಣ್ಲಿ ತಂದ್ರು. ಅದರ ಲೇಪ ಆರೇ ತಿಂಗ್ಳಿಗೆ ಎದ್ದೋಯ್ತು."

ಮೂವತ್ತು ವರ್ಷ ಗಂಟೆ ಹೊಡೆದರೂ ಮಾತು ನಿಲ್ಲಿಸದ ಮೇಷ್ಟ್ರು ತಪ್ಪಲೆ ಇಳಿಸಿ, ತಾನೇ ಮೈಕು ಆರಿಸಿದ. ಕಲಾಯಿ ಹೋಗಿದ್ದರೆ ಹಾಕುವವನು ಐವತ್ತು ವರ್ಷದಿಂದ ಪಕ್ಕದಲ್ಲೇ ಇದ್ದ. ಅದು ವಿಜ್ಞಾನದ ಮೇಷ್ಟ್ರಿಗೆ ತೋಚಿರಲಿಲ್ಲ.

"ಪಾಷಾ," ಎಂದ ಮೇಷ್ಟ್ರು ಸಣ್ಣ ದನಿಯಲ್ಲಿ, "ನಿಂಗೆ ಮೊದ್ಲೇ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು ಕಣ್ಲಾ. ವಾಪಸ್ ಕೊಡಂಗಿದ್ರೆ ಈಗ್ಲೇ ಕೊಟ್ಬುಡು."

ಚಿಕ್ಕಬೋರಮ್ಮ ಆಗಲೇ ಮೆಟ್ಟಿಲು ಹತ್ತಿ ಬಂದು ತಪ್ಪಲೆಯನ್ನು ಮಗನ ಕೈಯಿಂದ ಕಿತ್ತು ಕಂಕುಳಿಗಿಟ್ಟುಕೊಂಡಿದ್ದರು.

"ಇವನ್ಯಾವನು ವಾಪಸ್ ಕೊಡಾಕೆ? ನಾಳೀಕೆ ಬಾ ಪಾಷಾ, ಉಪ್ಸಾರು ಮಾಡ್ತೀನಿ. ನೀನು ಉಣ್ಣು, ಇವನು ತಪ್ಪಲೆ ಬೆಳಗ್ಲಿ."