ಕಳೆದ ತಿಂಗಳು ವಿಚಾರಿಸಿ ಹೋದವರು

ಗಂಗಾವತಿಯ ಟ್ಯೂಷನ್ ಸೆಂಟರಿನಲ್ಲಿ ಮಧ್ಯಾಹ್ನ ಫೋನ್ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ಬಂದು ವಿಚಾರಿಸಿ, ಆಮೇಲೆ ಮಕ್ಕಳನ್ನು ಸೇರಿಸದ ಪಾಲಕರಿಗೆ ಮಾಡಬೇಕು. ಏನೇನು ಹೇಳಬೇಕೆಂದು ಸೆಂಟರ್ ನಡೆಸುವ ಸರ್ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದಾರೆ: ಮಾತಾಡಲು ಬಿಡುವಿದೆಯೇ, ಯಾಕೆ ಸೇರಿಸಲಿಲ್ಲ, ಎರಡು ದಿನ ಉಚಿತ ತರಗತಿಗೆ ಕಳಿಸಿ.

ಅವತ್ತು ಹೇಮಗುಡ್ಡದ ಕಡೆಯ ತಾಯಿಯೊಬ್ಬರು ಫೋನ್ ಎತ್ತಿದರು. ಮಗಳು ಇಲ್ಲಿಯೇ ಹತ್ತನೇ ತರಗತಿ ಓದುತ್ತಾಳೆ, ಗಣಿತದಲ್ಲಿ ಫೇಲಾಗುವ ಭಯ.

“ಸೇರಿಸಬೇಕಂತನ ಬಂದಿದ್ವಿರಿ ಅಕ್ಕಾರ. ನಿಮ್ಮ ಕ್ಲಾಸ್ ಬಿಡೂದ್ರಾಗ ನಮ್ಮೂರಿಗೆ ಕಡೀ ಬಸ್ ಹೋಗಿಬಿಟ್ಟಿರತೈತಿ.”

ಅದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. ನಾನು ಮುಂದಿನ ಸಾಲು ಓದಿದೆ. “ಎರಡು ದಿನ ಉಚಿತ ತರಗತಿ ಇದೆ, ಕಳಿಸಿ.”

“ಪುಕ್ಕಟ ಅಂದ್ರ ಬಸ್ ನಿಂದರತೈತೇನ್ರಿ?” ಅವರು ನಕ್ಕರು. ಹಿಂದೆ ಕುಕ್ಕರ್ ಕೂಗಿತು. “ಟೈಮ್ ಬದ್ಲಿ ಆದ್ರ ಒಂದ್ ಫೋನ್ ಮಾಡ್ರಿ, ಕಳಸ್ತೀನಿ.”

ಸರ್‌ಗೆ ಹೇಳಿದೆ.

“ಒಬ್ಬಾಕಿ ಸಲುವಾಗಿ ಬ್ಯಾಚ್ ಎಲ್ಲಿಂದ ತರ್ಲಿರಿ ಮೇಡಂ? ಆಸಕ್ತಿ ಇಲ್ಲ ಅಂತ ಬರ್ಕೊಳ್ರಿ.”

ಹಾಗೆಯೇ ಬರೆದುಕೊಂಡೆ. ಆಸಕ್ತಿ ಇಲ್ಲ ಎಂದು ಬರೆದವರಿಗೆ ಮತ್ತೆ ಫೋನ್ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ನೀರು ಕುಡಿದು ಮುಂದಿನ ನಂಬರ್ ಒತ್ತಿದೆ.