ದುಬೈಯ ಒಂದು ಗಂಟೆ ಹತ್ತು ನಿಮಿಷ

ಪುಣೆಯ ಸೊಲ್ಲಾಪುರ ರಸ್ತೆಯಲ್ಲಿ, ಹಡಪ್ಸರ ದಾಟಿದ ಮೇಲೆ ಸಿಗುವ ಒಂದು ದ್ರಾಕ್ಷಿ ಪ್ಯಾಕ್‌ಹೌಸಿನಲ್ಲಿ ನಾನು ಎರಡನೇ ಪಾಳಿ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಎರಡಕ್ಕೆ ನನ್ನ ಪಾಳಿ ಶುರು. ಬೆಳಗಿನ ಆರರಿಂದ ಎರಡರವರೆಗಿನದು ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳದು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ ಮನೆತನ. ಆಕೆ ನಮ್ಮಲ್ಲಿಗೆ ಸೇರಿದ್ದು ಕತ್ತರಿ ಹಿಡಿದು ಗೊಂಚಲಿನ ಕೆಟ್ಟ ಹಣ್ಣು ತೆಗೆಯುವ ಕೆಲಸಕ್ಕೆ. ಎಂಟು ವರ್ಷದಲ್ಲಿ ಪಾಳಿಯ ಮೇಲ್ವಿಚಾರಕಿ ಆಗಿದ್ದಳು. ನನ್ನನ್ನು ಕಾಕಾ ಅನ್ನುತ್ತಿದ್ದಳು.

ತುಂಬಿದ ಡಬ್ಬಿ ಇಡುವ ತಣ್ಣನೆಯ ಕೋಣೆಯ ಬಾಗಿಲೆಂದರೆ ನನಗೆ ಆಗುತ್ತಿರಲಿಲ್ಲ. ಒಮ್ಮೆ ಒಳಗೆ ಡಬ್ಬಿ ಎಣಿಸುತ್ತಿದ್ದಾಗ ಯಾರೋ ಹೊರಗಿನಿಂದ ಎಳೆದುಕೊಂಡು ಹೋಗಿದ್ದರು. ಒಳಗಿನ ಹಿಡಿಕೆ ಬಿಗಿಯಾಗಿತ್ತು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಆದರೆ ಅಂದಿನಿಂದ ನಾನು ಒಳಗೆ ಹೋಗುವಾಗಲೆಲ್ಲ ಬಾಗಿಲು ಮುಚ್ಚದಂತೆ ಒಂದು ಖಾಲಿ ಕ್ರೇಟ್ ಅಡ್ಡ ಇಡುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹಾಗೆ ಕ್ರೇಟ್ ಇಟ್ಟು ಒಳಗೆ ಹೋದೆ. ಅಷ್ಟರಲ್ಲಿ ಗೇಟಿನಲ್ಲಿ ಲಾರಿಯವನ ಜಗಳ. ಓಡಿಹೋದೆ, ಕ್ರೇಟ್ ಮರೆತೆ. ಮರಳಿ ಬಂದಾಗ ಮುಕ್ಕಾಲು ತಾಸಾಗಿತ್ತು. ಬಾಗಿಲು ಮುಚ್ಚಿದೆ, ಸುಮ್ಮನಾದೆ. ರಜಿಸ್ಟರಿನಲ್ಲಿ ಬರೆಯಲಿಲ್ಲ.

ಆ ಮಾಲು ದುಬೈಗೆ ಹೋಯಿತು. ಹೊರಗಿನ ಬಿಸಿ ಗಾಳಿ ತಾಗಿ ಹಣ್ಣಿನ ಮೇಲೆ ನೀರು ಕೂತಿತ್ತು. ಅಲ್ಲಿ ಡಬ್ಬಿ ಬಿಚ್ಚಿದರೆ ಬೂದಿ ಬಣ್ಣದ ಬೂಷ್ಟು. ಅಲ್ಲಿಯ ವ್ಯಾಪಾರಿ ನಮ್ಮ ಕೋಣೆಯ ಲಾಗರಿನ ಫೈಲು ಕೇಳಿದ. ಲಾಗರ್ ಅಂದರೆ ಕೋಣೆಯ ಗೋಡೆಗೆ ಅಂಟಿಸಿದ, ಐದೈದು ನಿಮಿಷಕ್ಕೆ ತಾಪಮಾನ ಬರೆದುಕೊಳ್ಳುವ ಪುಟ್ಟ ಯಂತ್ರ. ಅದನ್ನು ಕಂಪ್ಯೂಟರಿಗೆ ಚುಚ್ಚಿ, ಫೈಲು ತೆಗೆದು ಕಳಿಸಿದವನು ನಾನೇ. ಇನ್ನು ಸಿಕ್ಕಿಬಿದ್ದೆ ಅಂದುಕೊಂಡೆ.

ಮರುದಿನ ದುಬೈಯಿಂದ ಹಾಳೆ ಬಂತು. ಅವರು ಫೈಲು ತೆರೆದು, ತಾಪಮಾನದ ಗೆರೆಯ ಚಿತ್ರ ಮುದ್ರಿಸಿ ಕಳಿಸಿದ್ದರು. ಒಂದು ಗಂಟೆ ಹತ್ತಕ್ಕೆ ಗೆರೆ ಮೇಲೇಳುತ್ತಿತ್ತು, ಒಂದು ಐವತ್ತೈದಕ್ಕೆ ಕೆಳಗಿಳಿಯುತ್ತಿತ್ತು. ಎರಡು ಗಂಟೆಗಿಂತ ಮೊದಲು. ನನ್ನ ಪಾಳಿಯೇ ಅಲ್ಲ.

ನಮ್ಮಲ್ಲಿ ಪಾಳಿ ಬದಲಾಗುವಾಗ ಹೋಗುವವರು ‘ಬಾಗಿಲು ಮುಚ್ಚಿದೆ’ ಎಂದು ಬರೆದು ಸಹಿ ಹಾಕುತ್ತಾರೆ, ಬರುವವರು ಅದರ ಕೆಳಗೆ ಸಹಿ ಹಾಕುತ್ತಾರೆ. ಅವತ್ತು ಎರಡೂ ಸಹಿ ಇದ್ದವು. ಆ ಸಹಿಗಳೇ ಆಕೆಗೆ ಉರುಳಾದವು.

ಪ್ಯಾಕ್‌ಹೌಸಿನ ಒಡೆಯರಾದ ಸಾವಕಾರರು ನಮ್ಮಿಬ್ಬರನ್ನೂ ಕರೆದರು. ಅವರು ವಿಜಯಪುರದವರು. ಸಿಟ್ಟಿನಲ್ಲಿ ದನಿ ಏರಿಸುವುದಿಲ್ಲ, ಇಳಿಸುತ್ತಾರೆ.

“ಪಾಳಿ ಬಿಡೂಕಿಂತ ಐದು ನಿಮಿಷ ಮೊದಲ ಬಾಗಲಾ ಮುಚ್ಚೀದಿ. ಮ್ಯಾಲ ಈ ಹಿರ್ಯಾನ ಸಹಿ ತಗೊಂಡಿ. ಭಾಳ ಶ್ಯಾಣ್ಯಾಕಿ ಅದೀ.”

“ಇಲ್ರಿ ಸಾವಕಾರ್ರ. ನಾ ಬಾಗಲಾ ಮುಚ್ಚೇ ಊಟಕ್ಕ ಹೋಗೀನಿ. ಹನ್ನೆರಡೂವರಿ ಮ್ಯಾಲ ಯಾರೂ ತೆಗದಿಲ್ರಿ.”

“ಮಷೀನು ಸುಳ್ಳ ಹೇಳ್ತದೇನು?”

ಆಕೆ ನನ್ನತ್ತ ನೋಡಿದಳು. “ಕಾಕಾ, ನೀವು ಬಂದಾಗ ಕೋಣಿ ಥಂಡಿ ಇತ್ತಲ್ರಿ?”

ನಾನು ಬಾಯಿ ತೆರೆಯುವ ಮೊದಲೇ ಸಾವಕಾರರು ಕೇಳಿದರು, “ನಮ್ಮ ಕಂಪ್ಯೂಟರಿನ್ಯಾಗ ಏನ್ ತೋರಸ್ತದ? ನೋಡಿ ಹೇಳ್ರಿ.”

ಪಕ್ಕದ ಕೋಣೆಗೆ ಹೋಗಿ ಫೈಲು ತೆರೆದೆ. ಎರಡು ಗಂಟೆ ನಲವತ್ತು ನಿಮಿಷ ಎಂದಿತ್ತು. ಅದೇ ಗೆರೆ, ಅದೇ ಏರು, ಅದೇ ಇಳಿತ. ವೇಳೆ ಮಾತ್ರ ಒಂದೂವರೆ ತಾಸು ಮುಂದೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದಿದೆ ಎಂಬುದು ನನಗೆ ಗೊತ್ತಿತ್ತು. ಅಲ್ಲಿಗೆ ಫೋನ್ ಮಾಡುವಾಗ ದಿನಾ ಲೆಕ್ಕ ಹಾಕುತ್ತಿದ್ದವನು ನಾನೇ. ಆ ಸಣ್ಣ ಕೋಣೆಗೆ ಕಿಟಕಿ ಇರಲಿಲ್ಲ.

ಹೊರಗೆ ಬಂದು ಹೇಳಿದೆ: “ಅದೇ ಅದರಿ. ಒಂದು ಹತ್ತು.”

ನಾನು ಹತ್ತನೇ ಇಯತ್ತೆ ಓದಿದವನು. ದೊಡ್ಡ ಮಾತು ಬರುವುದಿಲ್ಲ. ಆ ನಾಲ್ಕು ಶಬ್ದಕ್ಕಿಂತ ಹೊಲಸು ಕೆಲಸ ನನ್ನ ಜೀವಮಾನದಲ್ಲಿ ಇನ್ನೊಂದು ಮಾಡಿಲ್ಲ.

ಆಕೆಯ ಪಾಳಿ ಕಿತ್ತುಕೊಂಡರು. ಮರುದಿನದಿಂದ ಮತ್ತೆ ಕತ್ತರಿ, ತಾನೇ ಕೆಲಸ ಕಲಿಸಿದ ಹೆಂಗಸರ ನಡುವೆ. ಅವರು ಬಿಡುತ್ತಾರೆಯೇ? “ಬಾಗಲಾ ಹಾಕೊಂಡ ಬಂದೀಯೇನ ಯಕ್ಕಾ?” ಎಂದು ದಿನಾ ಒಬ್ಬಳಾದರೂ ಕೇಳುತ್ತಿದ್ದಳು. ನಾನು ಎರಡಕ್ಕೆ ಪಾಳಿಗೆ ಹೋಗುವಾಗ ಆ ಹೆಂಗಸರ ಸಾಲಿನ ಮುಂದೆಯೇ ಹಾಯಬೇಕು. ಬೇರೆ ದಾರಿ ಇಲ್ಲ. ಆಕೆ ತಲೆ ಎತ್ತುತ್ತಿರಲಿಲ್ಲ.

ನನಗೆ ನಾನೇ ಸಮಾಧಾನ ಹುಡುಕುತ್ತಿದ್ದೆ. ಫೈಲು ಎಲ್ಲೋ ಕೆಟ್ಟಿರಬೇಕು, ದುಬೈಯದೇ ಸರಿ ಇದ್ದರೂ ಇರಬಹುದು ಎಂದು. ಒಂದು ದಿನ ಪ್ರೋಗ್ರಾಮು ಬಿಟ್ಟು ಫೈಲನ್ನು ಬರೀ ಅಕ್ಷರಗಳಾಗಿ ತೆರೆದೆ. ಅಲ್ಲಿ ಎರಡು ನಲವತ್ತೂ ಇರಲಿಲ್ಲ, ಒಂದು ಹತ್ತೂ ಇರಲಿಲ್ಲ. ಒಂಬತ್ತು ಹತ್ತು ಎಂದಿತ್ತು, ಕೊನೆಗೊಂದು ಇಂಗ್ಲಿಷಿನ ಝಡ್. ಲಾಗರ್ ಕಂಪನಿಗೆ ಫೋನ್ ಮಾಡಿ ಕೇಳಿದೆ. ಆ ಹುಡುಗಿ ಮರಾಠಿಯಲ್ಲಿ ಬಿಡಿಸಿ ಹೇಳಿದಳು: ಫೈಲು ಯಾವ ಊರಿನ ವೇಳೆಯನ್ನೂ ಇಟ್ಟುಕೊಳ್ಳುವುದಿಲ್ಲ, ಗ್ರೀನ್‌ವಿಚ್ ವೇಳೆ ಇಟ್ಟುಕೊಳ್ಳುತ್ತದೆ, ಝಡ್ ಅದರ ಗುರುತು. ತೆರೆಯುವ ಕಂಪ್ಯೂಟರ್ ಯಾವ ಊರಿನದೆಂದು ನೋಡಿ ಪ್ರೋಗ್ರಾಮು ಅಲ್ಲಿಯ ತಾಸು ಕೂಡಿಸುತ್ತದೆ. ಇಲ್ಲಿ ಐದೂವರೆ, ದುಬೈಯಲ್ಲಿ ನಾಲ್ಕು. ಮುದ್ರಿಸಿದ ಹಾಳೆಯ ಮೇಲೆ ಯಾವ ಊರಿನ ವೇಳೆ ಎಂದು ಬರೆದಿರುವುದಿಲ್ಲ.

ಅಲ್ಲಿಗೆ ನನ್ನ ಕೊನೆಯ ಸಂದಿಯೂ ಮುಚ್ಚಿತು. ಆದರೂ ಇನ್ನೂ ನಾಲ್ಕು ದಿನ ಸುಮ್ಮನಿದ್ದೆ.

ಐದನೆಯ ದಿನ ಸಾವಕಾರರನ್ನು ಕಂಪ್ಯೂಟರಿನ ಮುಂದೆ ಕೂಡಿಸಿದೆ. ಎರಡು ನಲವತ್ತು ತೋರಿಸಿದೆ. ಪ್ರೋಗ್ರಾಮು ಮುಚ್ಚಿ, ಕಂಪ್ಯೂಟರಿನ ವೇಳೆಯನ್ನು ದುಬೈಯದಕ್ಕೆ ಬದಲಾಯಿಸಿ, ಅದೇ ಫೈಲು ಮತ್ತೆ ತೆರೆದೆ. ಒಂದು ಹತ್ತು. ಅವರು ನನ್ನತ್ತ ತಿರುಗಿದರು.

“ಅಂದ್ರ ಅವತ್ತ ನೀವು…”

“ಹೌದ್ರಿ. ಬಾಗಲಾ ನನ್ನದು. ಸುಳ್ಳೂ ನನ್ನದು.”

“ಈ ವಯಸ್ಸಿನ್ಯಾಗ ಇದೇನ್ರಿ?” ಅಂದರು. ನಾಳೆಯಿಂದ ಆಕೆಗೆ ಪಾಳಿ ಮರಳಿ ಕೊಡುವುದಾಗಿಯೂ, ಆಕೆಗೆ ನಾನೇ ತಿಳಿಸಿ ತಮ್ಮ ಬಳಿ ಕರೆತರಬೇಕೆಂದೂ ಹೇಳಿದರು.

ಊಟದ ಹೊತ್ತಿಗೆ ಆಕೆಯನ್ನು ಕಂಡು ಎಲ್ಲ ಹೇಳಿದೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ನೀವು ಅದೇ ಅದ ಅಂದ ಮ್ಯಾಲ ನನಗ ನನ್ನ ಮ್ಯಾಲೇ ನಂಬಿಗಿ ಹೋತ್ರಿ,” ಅಂದಳು. “ಮುಚ್ಚಿದ್ದು ನೆನಪದ, ಆದ್ರ ಮುಚ್ಚಿಲ್ಲೇನೋ ಅನಸ್ತಿತ್ತು. ಮನ್ಯಾಗ ಗ್ಯಾಸು ಆರಿಸಿದ್ದು ಎರಡೆರಡು ಸಲ ಎದ್ದು ನೋಡೀನಿ.” ಮತ್ತೆ ಹೇಳಿದಳು, “ಸಾವಕಾರ್ರ ಖೋಲ್ಯಾಗ ಹೇಳಿದ್ದು ಸಾಲೂದಿಲ್ಲ. ಕೆಲಸದ ಸಾಲಿಗೆ ಬಂದು ಹೇಳ್ರಿ. ಎಲ್ಲಾರ ಮುಂದ.”

ಮೂವತ್ತು ಹೆಂಗಸರ ಮುಂದೆ ನಿಂತು ಹೇಳಿದೆ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಗ್ರೀನ್‌ವಿಚ್ ಯಾರಿಗೂ ತಿಳಿಯಲಿಲ್ಲ. ಒಂದೇ ಹೊತ್ತು, ಇಲ್ಲಿ ತೆರೆದರೆ ಎರಡು ನಲವತ್ತು, ದುಬೈಯಲ್ಲಿ ತೆರೆದರೆ ಒಂದು ಹತ್ತು ಎಂದೆ. ಅದು ತಿಳಿಯಿತು.

ಸಾಲಿನ ಮುದುಕಿಯೊಬ್ಬಳು ಕೇಳಿದಳು, “ಹಂಗಾರ ಮಷೀನಿಂದು ತಪ್ಪಿಲ್ಲ, ದುಬೈಯವಂದು ತಪ್ಪಿಲ್ಲ, ಈಕಿದೂ ತಪ್ಪಿಲ್ಲ. ಮತ್ತ ಉಳದಾರ ಯಾರು?”

“ನಾನಽ,” ಅಂದೆ.

ನಡಿ ಯವ್ವಾ, ಸಾವಕಾರರು ಕರೆಯುತ್ತಿದ್ದಾರೆ ಎಂದು ಆಕೆಯನ್ನು ಕರೆದೆ. ಆಕೆ ಕೈಯೊಳಗಿನ ಗೊಂಚಲು ತಿರುಗಿಸಿ ನೋಡಿ, ಒಂದು ಒಡೆದ ಹಣ್ಣು ಕತ್ತರಿಸಿದಳು.

“ಈ ಡಬ್ಬಿ ತುಂಬಿಸಿ ಬರ್ತೀನಿ,” ಅಂದಳು.

ಡಬ್ಬಿ ಅರ್ಧವೂ ತುಂಬಿರಲಿಲ್ಲ. ಅದು ತುಂಬುವವರೆಗೂ ನಾನು ಅಲ್ಲಿಯೇ, ಆ ಸಾಲಿನ ಮುಂದೆ ನಿಂತಿದ್ದೆ. ಹೋಗ್ರಿ ಎಂದು ಯಾರೂ ಹೇಳಲಿಲ್ಲ.