ಹದಿನೇಳು ಮೊಳೆಯ ಹಲಗೆ

ಕುರುಬರಹಳ್ಳಿಯ ದೊಡ್ಡಹನುಮಯ್ಯನವರಿಗೆ ಎಪ್ಪತ್ತೊಂದು ವರ್ಷ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದವರು. ಕಾರ್ಖಾನೆಗೆ ಬೀಗ ಬಿದ್ದ ದಿನ ಎಲ್ಲರೂ ಬಾಕಿ ಸಂಬಳಕ್ಕೆ ಕೂಗಾಡುತ್ತಿದ್ದರೆ ಈ ಪುಣ್ಯಾತ್ಮರು ಕೆಲಸಗಾರರ ಟೋಕನ್ ನೇತುಹಾಕುವ ಹಲಗೆಯೊಂದನ್ನು ಕೇಳಿ ಪಡೆದು, ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಬಂದರು. ಹೆಂಡತಿ ಪುಟ್ಟಲಕ್ಷ್ಮಿ ತಲೆ ಚಚ್ಚಿಕೊಂಡರು.

ಆ ಹಲಗೆಯೇ ಮುಂದೆ ಅವರಿಗೆ ಅನ್ನ ಕೊಟ್ಟಿತು. ಬಸವೇಶ್ವರನಗರದ ಜಗನ್ನಾಥ ಎಂಬುವರು ಮೂರಂತಸ್ತಿನ ಮನೆ ಕಟ್ಟಿಸಿ, ಮೇಲೆ ತಾವಿದ್ದು, ಉಳಿದ ಏಳು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ನೋಡಿಕೊಳ್ಳಲು ನಂಬಿಕಸ್ಥರು ಬೇಕಿತ್ತು. ದೊಡ್ಡಹನುಮಯ್ಯ ಪಂಪ್ ರೂಮಿನ ಗೋಡೆಗೆ ತಮ್ಮ ಹಲಗೆ ಹೊಡೆದು, ಒಂದೊಂದು ಮೊಳೆಗೆ ಒಂದೊಂದು ಕೀ ನೇತುಹಾಕಿ, ಕೆಲಸಕ್ಕೆ ನಿಂತೇಬಿಟ್ಟರು. ಇಪ್ಪತ್ಮೂರು ವರ್ಷ ಆಯಿತು. ಜಗನ್ನಾಥರು ತೀರಿಕೊಂಡು ನಾಲ್ಕು ವರ್ಷ.

ಹೋದ ತಿಂಗಳು ಜಗನ್ನಾಥರ ಹೆಂಡತಿ ಶೋಭಾರಾಣಿ ದೊಡ್ಡಹನುಮಯ್ಯನವರ ಕೈಗೆ ಒಂದು ಲಕೋಟೆ ಕೊಟ್ಟರು. ಮೂವತ್ತು ದಿನದ ನೋಟಿಸು. ಇನ್ನು ಮುಂದೆ ಮನೆಗಳನ್ನು ಒಂದು ಕಂಪನಿ ನೋಡಿಕೊಳ್ಳುತ್ತದೆ, ಬಾಡಿಗೆ, ರಿಪೇರಿ ಎಲ್ಲ ಫೋನಿನಲ್ಲೇ. ಕೀಗಳು, ದಾಖಲೆಗಳು, ಅಡ್ವಾನ್ಸಿನ ವಿವರ, ಬಾಕಿ ಲೆಕ್ಕ ಒಪ್ಪಿಸಬೇಕು.

"ನಿಮಗೂ ವಯಸ್ಸಾಯ್ತು, ನನಗೂ ಮಂಡಿ ನೋವು. ತಪ್ಪು ತಿಳ್ಕೋಬೇಡಿ," ಎಂದಿದ್ದರು ಶೋಭಾರಾಣಿ.

"ತಿಳ್ಕೊಳ್ಳೋದೇನಮ್ಮ. ಆದ್ರೆ ಎಲ್ಲಾ ಸರಿಯಾಗಿ ಬಂತು ಅಂತ ಒಂದು ಕಾಗ್ದ ಸೈನ್ ಮಾಡಿ ಕೊಡಿ. ಅಷ್ಟೇ ನಾನು ಕೇಳೋದು."

ಅಷ್ಟೇ ಅವರಿಗೆ ಬೇಕಿದ್ದದ್ದು. ಊರಲ್ಲಿ ಕೆಲಸ ಬಿಟ್ಟವನ ಬೆನ್ನ ಹಿಂದೆ ಏನೇನು ಮಾತು ಹುಟ್ಟುತ್ತದೆ ಎಂಬುದು ಟೈಮ್‌ಕೀಪರಿಗೆ ಗೊತ್ತಿಲ್ಲದ್ದಲ್ಲ. ಕೈ ಶುದ್ಧವಾಗಿತ್ತು ಎನ್ನಲು ಒಂದು ಹಾಳೆ ಇದ್ದರೆ ತಲೆಯೆತ್ತಿ ಓಡಾಡಬಹುದು.

ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಶೋಭಾರಾಣಿಯವರ ಊಟದ ಮೇಜಿನ ಮುಂದೆ ಮೂವರು ಕುಳಿತರು. ಕಂಪನಿಯ ಸಿದ್ಧಾರ್ಥನಿಗೆ ಮೂವತ್ತೂ ಆಗಿರಲಿಲ್ಲ. ಮರ್ಯಾದೆಯ ಹುಡುಗ, ಆದರೆ ಕಣ್ಣು ಸದಾ ಟ್ಯಾಬಿನ ಮೇಲೆ. ದೊಡ್ಡಹನುಮಯ್ಯ ಬಟ್ಟೆಯ ಗಂಟು ಬಿಚ್ಚಿದರು. ಹನ್ನೊಂದು ತಿಂಗಳ ಬಾಡಿಗೆ ಕರಾರುಗಳು, ಬಾಡಿಗೆದಾರರ ಆಧಾರ್ ನಕಲುಗಳು, ಕಂದಾಯದ ರಸೀದಿ, ಪಂಪಿನ ವಾರಂಟಿ. ಅಡ್ವಾನ್ಸಿನ ಪುಸ್ತಕದಲ್ಲಿ ಆರು ಮನೆಯ ಹಣವೂ ನೇರ ಮಾಲೀಕರ ಬ್ಯಾಂಕಿಗೆ ಹೋದ ತಾರೀಖಿತ್ತು. ಏಳನೆಯದನ್ನು ರವಿಕುಮಾರ್ ಎಂಬಾತ ಹದಿನೈದು ದಿನದ ಹಿಂದೆ ಖಾಲಿ ಮಾಡಿದ್ದ.

"ಅವ್ನ ಅಡ್ವಾನ್ಸು ಅಮ್ಮನೇ ವಾಪಸ್ ಕೊಡ್ಬೇಕು. ಪೈಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ, ಆಮೇಲೆ ಕೊನೇ ಕರೆಂಟ್ ಬಿಲ್ಲು ಹಿಡ್ಕೊಂಡು. ಬಿಲ್ಲು ಇನ್ನೂ ಬಂದಿಲ್ಲ. ಈ ತಿಂಗಳ ನೀರಿನ ಬಿಲ್ಲೂ ಬಾಕಿ. ಎರಡನ್ನೂ ಬರ್ಕೊಳ್ಳಿ."

ಸಿದ್ಧಾರ್ಥ ಬರೆದುಕೊಂಡ. ಕೈಖರ್ಚಿಗೆಂದು ಇಟ್ಟಿದ್ದ ಹಣದಲ್ಲಿ ಉಳಿದದ್ದು, ರಸೀದಿಗಳೊಂದಿಗೆ ಮೇಜಿಗೆ ಬಂತು. ತಾಳೆಯಾಯಿತು. ಆಗ ಅವನು, "ಕೀಸ್ ನೋಡ್ಬಿಡೋಣ ಅಂಕಲ್. ಕೆಳಗೆ ಹಲಗೇಲಿ ಹದಿನೇಳು ಇತ್ತು, ಫೋಟೋ ತೆಗ್ದಿದೀನಿ," ಎಂದ.

ದೊಡ್ಡಹನುಮಯ್ಯ ಹತ್ತು ಕೀ ಇಟ್ಟರು. ಗೇಟಿನವು ಎರಡು, ಟೆರೇಸಿನವು ಎರಡು, ಪಂಪ್ ರೂಮು, ಮೀಟರ್ ಬೋರ್ಡು, ಸಂಪು, ಖಾಲಿ ಮನೆಯವು ಮೂರು.

"ಇನ್ನೇಳು?"

"ಅವು ಈ ಲೆಕ್ಕಕ್ಕೆ ಬರಲ್ಲಪ್ಪ."

ಶೋಭಾರಾಣಿ ತಲೆಯೆತ್ತಿದರು. ಅವರ ನೋಟ ಒಂದಿಷ್ಟು ಬದಲಾಯಿತು. ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯೂ ಕಾಣದಿದ್ದ ಆ ನೋಟ ದೊಡ್ಡಹನುಮಯ್ಯನವರ ಎದೆಗೆ ನಾಟಿತು.

ತಪ್ಪು ಅವರದೇ. ಬಾಡಿಗೆದಾರರು ತಮ್ಮ ಮನೆಯ ಒಂದು ಕೀಯನ್ನು ಅವರ ಬಳಿ ಬಿಟ್ಟಿರುತ್ತಿದ್ದರು; ಮಗು ಸ್ಕೂಲಿನಿಂದ ಬೇಗ ಬಂದರೆ, ಗ್ಯಾಸಿನವನು ಬಂದರೆ ಇರಲಿ ಎಂದು. ಕಾರ್ಖಾನೆಯ ಅಭ್ಯಾಸ ನೋಡಿ, ಮೊಳೆ ಖಾಲಿ ಕಂಡರೆ ಕೈ ಸುಮ್ಮನಿರದು. ಮಾಲೀಕರ ಕೀ, ಬಾಡಿಗೆದಾರರ ಕೀ ಎಂದು ಬೇರೆ ಮಾಡದೆ ಒಂದೇ ಹಲಗೆಗೆ ನೇತುಹಾಕಿದ್ದರು. ಮೇಲೆ ನಂಬರೂ ಇಲ್ಲ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ಬಳೆಚೂರು, ಇನ್ನೊಂದಕ್ಕೆ ಶರಟಿನ ಗುಂಡಿ. ಬುದ್ಧಿವಂತಿಕೆ ಎಂದುಕೊಂಡದ್ದೇ ಈಗ ಕುತ್ತಿಗೆಗೆ ಬಂದಿತ್ತು.

"ಅಂಕಲ್, ಲಿಸ್ಟಲ್ಲಿ ಹದಿನೇಳು ಅಂತ ಹಾಕ್ಬಿಟ್ಟಿದೀನಿ. ಎಲ್ಲಾ ಕೊಟ್ರೆ ಮೇಡಂ ಸೈನ್ ಮಾಡ್ತಾರೆ. ಇಲ್ಲಾಂದ್ರೆ ಏಳು ಕಮ್ಮಿ ಅಂತ ಬರೀಬೇಕಾಗುತ್ತೆ."

"ಬರ್ಕೋ." ಮುದುಕರು ಗಂಟಿಗೆ ಕೈ ಹಾಕಿದರು. ಒಂದು ಕರಾರು ತೆಗೆದು ಬೆರಳಿಟ್ಟು ತೋರಿಸಿದರು. "ಓದು. ಮೂರು ಕೀಗಳನ್ನೂ ಬಾಡಿಗೆದಾರರಿಗೆ ಕೊಡಲಾಗಿದೆ. ಖಾಲಿ ಮಾಡೋವರೆಗೂ ಅದು ಅವರ್ದು. ನನ್ನ ಮುಖ ನೋಡಿ ಕೊಟ್ಟಿದ್ದನ್ನ ನಿನಗೆ ಹೇಗಪ್ಪ ಕೊಡ್ಲಿ?"

"ದೊಡ್ಡಹನುಮಯ್ಯನವ್ರೇ, ಸುಮ್ನೆ ಕೊಟ್ಬಿಡಿ," ಎಂದರು ಶೋಭಾರಾಣಿ. "ಎಲ್ಲಾ ಒಂದೇ ಕಡೆ ಇದ್ರೆ ಒಳ್ಳೇದಲ್ವಾ? ಇಲ್ದಿದ್ರೆ ನಾನು ಹೇಗೆ ಸೈನ್ ಮಾಡ್ಲಿ?"

"ಮಾಡ್ಬೇಡಿ ಬಿಡಿ, ಅಮ್ಮ."

ಎಂಥ ಹಟಮಾರಿ ಮನುಷ್ಯ! ತಿಂಗಳಿಡೀ ಆ ಒಂದು ಸಹಿಗಾಗಿ ಕಾದವರು, ಕೈಗೆ ಬಂದ ತುತ್ತನ್ನು ತಾವೇ ಆಚೆ ನೂಕಿ ಮೆಟ್ಟಿಲಿಳಿದರು. ಒಂದೊಂದೇ ಬಾಗಿಲು ತಟ್ಟಿದರು. ಕೆಲಸಕ್ಕೆ ಹೋದವರಿಗೆ ಫೋನು ಮಾಡಿ, ಮನೆಯಲ್ಲಿದ್ದವರ ಕೈಗೆ ಕೀ ಇಟ್ಟು ಸಹಿ ಪಡೆದರು. ಕೆಳಗಿನ ಮನೆಯ ಇಂದ್ರಮ್ಮ ಹಸಿರು ಬಳೆಚೂರಿನ ಕೀ ಹಿಡಿದುಕೊಂಡು, "ಇನ್ಮೇಲೆ ಇದನ್ನ ಯಾರ ಹತ್ರ ಇಡ್ಲಿ ಸ್ವಾಮಿ?" ಎಂದು ಕೇಳಿದರು. ದೊಡ್ಡಹನುಮಯ್ಯ ನಾಳೆಯಿಂದ ಬಾಡಿಗೆ ಯಾರಿಗೆ ಕಟ್ಟಬೇಕೆಂಬ ಚೀಟಿಯನ್ನು ಮತ್ತೊಮ್ಮೆ ಓದಿ ಹೇಳಿ ಮುಂದೆ ಹೋದರು.

ಮುಕ್ಕಾಲು ಗಂಟೆ ಬಿಟ್ಟು ಏದುಸಿರು ಬಿಡುತ್ತ ಮೇಲೆ ಬಂದರು. ಕೈಯಲ್ಲಿ ಒಂದು ಹಾಳೆ; ಆರು ಕೀ, ಆರು ಸಹಿ. ಜೊತೆಗೆ ಒಂದು ಕೀ ಉಳಿದಿತ್ತು. ಅರಿಶಿನ ಮೆತ್ತಿದ ದಾರ ಕಟ್ಟಿದ್ದ ಅದನ್ನು ಶೋಭಾರಾಣಿಯವರ ಮುಂದಿಟ್ಟರು.

"ಇದು ಏಳನೇ ಕೀ. ನಿಮ್ಮ ಈ ಮನೇದೇ ಅಮ್ಮ. ಯಜಮಾನ್ರು ಹೋದ್ಮೇಲೆ, ಮಂಡಿ ಆಪರೇಶನ್ನಿಗೆ ಅಂತ ಆಸ್ಪತ್ರೆಗೆ ಹೊರಟ್ರಲ್ಲ, ಆಟೋ ನಿಲ್ಸಿ ಕೊಟ್ರಿ. ದೇವ್ರ ದೀಪ ಹಚ್ಚಿ ಅಂತ."

ಶೋಭಾರಾಣಿ ಮರೆತೇಬಿಟ್ಟಿದ್ದರು. ಆ ಹದಿನೆಂಟು ದಿನ ಚಿನ್ನ, ಪತ್ರ ಎಲ್ಲವೂ ಈ ಮನೆಯಲ್ಲೇ ಇತ್ತು; ಅವರು ಮರಳಿ ಬಂದಾಗ ದೀಪವೂ ಉರಿಯುತ್ತಿತ್ತು.

"ಹಾಗಾದ್ರೆ ಇದೊಂದು ನಮ್ ಕಡೆ ಇರ್ಲಿ, ಹನ್ನೊಂದು ಅಂತ ಮಾಡ್ಕೋತೀನಿ," ಎನ್ನುತ್ತ ಸಿದ್ಧಾರ್ಥ ಸಹಜವಾಗಿ ಕೈ ಚಾಚಿದ.

ಶೋಭಾರಾಣಿಯವರ ಅಂಗೈ ಕೀಯ ಮೇಲೆ ಧಪ್ಪನೆ ಬಿತ್ತು.

ಹುಡುಗ ಕೈ ಹಿಂದಕ್ಕೆ ತೆಗೆದುಕೊಂಡ. ಶೋಭಾರಾಣಿಯವರ ಮುಖ ಕೆಂಪಾಯಿತು. ತಾವು ಈಗಷ್ಟೇ ಯಾರನ್ನು ಯಾವ ನೋಟದಿಂದ ನೋಡಿದೆವು ಎಂಬುದು ಅವರಿಗೆ ಅರ್ಥವಾಗಿತ್ತು. "ಹದಿನೇಳು ಹೊಡೆದಾಕಿ ಹತ್ತು ಅಂತ ಬರಿ," ಎಂದು, ಪಟ್ಟಿಯ ಎರಡೂ ಪ್ರತಿಗಳಿಗೆ ಸಹಿ ಹಾಕಿದರು. ಸಹಿಯ ಮೇಲೆ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದರು: ಎಲ್ಲವೂ ಸರಿಯಾಗಿ ಬಂದಿದೆ, ಇವರಿಂದ ಬಾಕಿ ಏನೂ ಇಲ್ಲ.

ದೊಡ್ಡಹನುಮಯ್ಯ ಹಾಳೆ ಮಡಚಿ ಜೇಬಿಗಿಟ್ಟು ಬಾಗಿಲವರೆಗೆ ಬಂದಿದ್ದರು. ಶೋಭಾರಾಣಿ ಕುಂಟುತ್ತ ಹಿಂದೆ ಬಂದು ಅರಿಶಿನದ ದಾರದ ಕೀಯನ್ನು ಚಾಚಿದರು.

"ಇದು ನಿಮ್ಮ ಹತ್ರಾನೇ ಇರ್ಲಿ."

ದೊಡ್ಡಹನುಮಯ್ಯನವರ ಕಣ್ಣು ತುಂಬಿತು. ತೆಗೆದುಕೊಳ್ಳಬೇಕೆಂಬ ಆಸೆ ಎಷ್ಟಿತ್ತೆಂದರೆ ಬಲಗೈ ಅರ್ಧ ಮೇಲೆದ್ದೂ ಇತ್ತು. ಅದನ್ನು ಇಳಿಸಿ ಕೈಮುಗಿದರು.

"ಬೇಡಮ್ಮ. ಕೆಲಸ ಬಿಟ್ಟ ಮೇಲೆ ಬೇರೆಯವರ ಮನೆ ಕೀ ಇಟ್ಕೋಬಾರ್ದು."

ಪಂಪ್ ರೂಮಿನಲ್ಲಿ ಹಲಗೆಯನ್ನು ಗೋಡೆಯಿಂದ ಬಿಡಿಸಿದರು. ಅದು ಮಾತ್ರ ಅವರ ಸ್ವಂತದ್ದು, ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಂಕುಳಲ್ಲಿಟ್ಟುಕೊಂಡು ಕುರುಬರಹಳ್ಳಿಯ ಕಡೆ ನಡೆದರು. ಹದಿನೇಳು ಮೊಳೆಯೂ ಖಾಲಿಯಿತ್ತು.